ರೈಲು–ರಸ್ತೆ ಸಂಯೋಜಿತ ಕಂಟೇನರ್ ಸಾಗಣೆ: ಬೆಂಗಳೂರು–ದೆಹಲಿ ಮಾರ್ಗ ಮತ್ತು ಹಸ್ತಾಂತರದ ವಿಳಂಬ

ರೈಲು–ರಸ್ತೆ ಸಂಯೋಜಿತ ಕಂಟೇನರ್ ಸಾಗಣೆ ಎಂದರೆ ಸರಕನ್ನು ತುಂಬಿ ಮುಚ್ಚಿದ ಉಕ್ಕಿನ ಪೆಟ್ಟಿಗೆಯೊಂದನ್ನು ಕಾರ್ಖಾನೆಯಿಂದ ರೈಲು ಟರ್ಮಿನಲ್‌ವರೆಗೆ ಲಾರಿಯಲ್ಲಿ, ಅಲ್ಲಿಂದ ದೂರದ ಟರ್ಮಿನಲ್‌ವರೆಗೆ ರೈಲಿನಲ್ಲಿ, ಮತ್ತೆ ಅಲ್ಲಿಂದ ಗ್ರಾಹಕನ ಬಾಗಿಲಿನವರೆಗೆ ಲಾರಿಯಲ್ಲಿ ಒಯ್ಯುವ ವ್ಯವಸ್ಥೆ. ದಾರಿಯುದ್ದಕ್ಕೂ ವಾಹನ ಬದಲಾಗುತ್ತದೆ, ಪೆಟ್ಟಿಗೆ ಬದಲಾಗುವುದಿಲ್ಲ. ಒಳಗಿನ ಸರಕನ್ನು ಯಾರೂ ಮುಟ್ಟುವುದಿಲ್ಲ. ಲಾರಿಯಿಂದ ರೈಲಿಗೆ ಮತ್ತು ರೈಲಿನಿಂದ ಲಾರಿಗೆ ಪೆಟ್ಟಿಗೆ ಕೈ ಬದಲಾಯಿಸುವ ಘಟ್ಟವನ್ನು ಹಸ್ತಾಂತರ ಎನ್ನಬಹುದು. ಕ್ರೇನ್ ಪೆಟ್ಟಿಗೆಯನ್ನು ಎತ್ತಿ ಇಳಿಸಲು ಬೇಕಾಗುವುದು ಕೆಲವೇ ನಿಮಿಷ. ಆದರೆ ಆ ಕೆಲವು ನಿಮಿಷಗಳ ಹಿಂದೆ ಮುಂದೆ ಪೆಟ್ಟಿಗೆ ಕಾಯುವ ಅವಧಿ ಗಂಟೆಗಳನ್ನು ದಾಟಿ ದಿನಗಳಿಗೆ ಹೋಗುತ್ತದೆ. ದೂರದ ಸಾಗಣೆಯಲ್ಲಿ ಅಗ್ಗವಾದ ರೈಲು ಹಲವು ಸರಕುಗಳನ್ನು ಲಾರಿಗೆ ಬಿಟ್ಟುಕೊಡಲು ಇದು ಮುಖ್ಯ ಕಾರಣಗಳಲ್ಲಿ ಒಂದು.

ಈ ಲೇಖನವು ದೇಶದೊಳಗಿನ ಸರಕನ್ನು, ಅದರಲ್ಲೂ ಬೆಂಗಳೂರಿನಿಂದ ದೆಹಲಿ ಪ್ರದೇಶಕ್ಕೆ ಹೋಗುವ ಪೆಟ್ಟಿಗೆಯನ್ನು ಆಧಾರವಾಗಿಟ್ಟುಕೊಂಡು ಈ ವಿಳಂಬವನ್ನು ವಿಶ್ಲೇಷಿಸುತ್ತದೆ.

## ಹಿನ್ನೆಲೆ

ಭಾರತದ ಮೊದಲ ಒಳನಾಡು ಕಂಟೇನರ್ ಡಿಪೋ 1981ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಸಮುದ್ರವಿಲ್ಲದ ಊರಿಗೆ ಬಂದರಿನ ಸೌಲಭ್ಯ ಒದಗಿಸುವುದು ಅದರ ಉದ್ದೇಶವಾಗಿತ್ತು. 1988ರಲ್ಲಿ ಸ್ಥಾಪನೆಯಾದ ಸರ್ಕಾರಿ ಸಂಸ್ಥೆ ಕಂಟೇನರ್ ಕಾರ್ಪೊರೇಷನ್ ಆಫ್ ಇಂಡಿಯಾ, ಸಂಕ್ಷಿಪ್ತವಾಗಿ ಕಾಂಕೋರ್, ಮರುವರ್ಷ ರೈಲ್ವೆಯಿಂದ 7 ಡಿಪೋಗಳನ್ನು ವಹಿಸಿಕೊಂಡು ಕೆಲಸ ಆರಂಭಿಸಿತು. 2006ರ ನೀತಿಯ ನಂತರ ಖಾಸಗಿ ಸಂಸ್ಥೆಗಳಿಗೂ ಕಂಟೇನರ್ ರೈಲು ಓಡಿಸುವ ಅವಕಾಶ ದೊರೆಯಿತು. ಹಳಿ, ಎಂಜಿನ್ ಮತ್ತು ಚಾಲಕ ಸಿಬ್ಬಂದಿ ರೈಲ್ವೆಯವು. ವ್ಯಾಗನ್, ಪೆಟ್ಟಿಗೆ ಮತ್ತು ಗ್ರಾಹಕನೊಂದಿಗಿನ ಒಪ್ಪಂದ ನಿರ್ವಾಹಕ ಸಂಸ್ಥೆಯವು. ಎರಡೂ ತುದಿಯ ಲಾರಿಗಳು ಬಹುಪಾಲು ಚಿಕ್ಕ ಮಾಲೀಕರವು. ಹೀಗೆ ಒಂದೇ ಪೆಟ್ಟಿಗೆಯ ಪಯಣಕ್ಕೆ ಕನಿಷ್ಠ ಮೂವರು ಹೊಣೆಗಾರರಿರುತ್ತಾರೆ, ಅದರಲ್ಲಿ ಪೂರ್ತಿ ಪಯಣಕ್ಕೆ ಹೊಣೆಯಾದವರು ಹಲವು ವೇಳೆ ಯಾರೂ ಇರುವುದಿಲ್ಲ.

ಬೆಂಗಳೂರಿನ ಪ್ರಮುಖ ಟರ್ಮಿನಲ್ ಇರುವುದು ನಗರದ ಪೂರ್ವದ ವೈಟ್‌ಫೀಲ್ಡ್‌ನಲ್ಲಿ. ಹೊರವಲಯವಾಗಿದ್ದ ಈ ಪ್ರದೇಶ ನಂತರದ ದಶಕಗಳಲ್ಲಿ ಮಾಹಿತಿ ತಂತ್ರಜ್ಞಾನ ಕಚೇರಿಗಳಿಂದ ಮತ್ತು ವಸತಿ ಸಮುಚ್ಚಯಗಳಿಂದ ತುಂಬಿಹೋಯಿತು. ಟರ್ಮಿನಲ್ ಇದ್ದಲ್ಲೇ ಉಳಿಯಿತು, ಅದರ ಸುತ್ತ ನಗರ ಬೆಳೆಯಿತು.

## ಒಂದು ಪೆಟ್ಟಿಗೆಯ ಪಯಣ

ವಿಳಂಬ ಎಲ್ಲಿ ಹುಟ್ಟುತ್ತದೆ ಎಂಬುದನ್ನು ತಿಳಿಯಲು ಒಂದು ಮಾದರಿ ಲೆಕ್ಕವನ್ನು ತೆಗೆದುಕೊಳ್ಳಬಹುದು. ಇಲ್ಲಿನ ಗಂಟೆಗಳು ಯಾವುದೇ ನಿರ್ದಿಷ್ಟ ಸಾಗಣೆಯ ದಾಖಲೆಯಲ್ಲ, ವಿವರಣೆಗಾಗಿ ಕಲ್ಪಿಸಿದವು. ಆದರೆ ಹಂತಗಳು ವಾಸ್ತವದವು. ಪೀಣ್ಯದ ಕಾರ್ಖಾನೆಯೊಂದು 20 ಅಡಿಯ ಒಂದು ಪೆಟ್ಟಿಗೆಯಷ್ಟು ಯಂತ್ರದ ಬಿಡಿಭಾಗಗಳನ್ನು ಹರಿಯಾಣದ ಫರೀದಾಬಾದ್‌ನ ಗ್ರಾಹಕನಿಗೆ ಕಳುಹಿಸುತ್ತಿದೆ ಎಂದುಕೊಳ್ಳೋಣ.

ಮೊದಲ ಕೆಲಸ ಖಾಲಿ ಪೆಟ್ಟಿಗೆಯನ್ನು ತರುವುದು. ಟ್ರೇಲರ್ ಲಾರಿಯು ಸೋಮವಾರ ರಾತ್ರಿ ವೈಟ್‌ಫೀಲ್ಡ್ ಯಾರ್ಡ್‌ನಿಂದ ಖಾಲಿ ಪೆಟ್ಟಿಗೆಯನ್ನು ಹೊತ್ತು, ನಗರವನ್ನು ಅಡ್ಡಹಾಯ್ದು ಸುಮಾರು 30 ಕಿ.ಮೀ. ದೂರದ ಪೀಣ್ಯಕ್ಕೆ ಬರುತ್ತದೆ. ಹಮಾಲರು ಮಂಗಳವಾರ ಬೆಳಿಗ್ಗೆ ಸರಕು ತುಂಬಲು ತೊಡಗಿ ಮಧ್ಯಾಹ್ನ 12ಕ್ಕೆ ಮುಗಿಸುತ್ತಾರೆ. ಬಾಗಿಲು ಮುಚ್ಚಿ ಸೀಲ್ ಹಾಕಲಾಗುತ್ತದೆ. ನಮ್ಮ ಗಡಿಯಾರ ಇಲ್ಲಿಂದ ಆರಂಭವಾಗುತ್ತದೆ.

ನಗರದೊಳಗೆ ಭಾರಿ ವಾಹನಗಳಿಗೆ ಹಗಲಿನ ನಿರ್ಬಂಧಗಳಿರುವುದರಿಂದ ಲಾರಿ ರಾತ್ರಿ 10ರವರೆಗೆ ಕಾರ್ಖಾನೆಯ ಅಂಗಳದಲ್ಲೇ ನಿಲ್ಲುತ್ತದೆ. ಇದಕ್ಕೆ 10 ಗಂಟೆ. ಬಳಿಕ ಹೊರಟು, ವೈಟ್‌ಫೀಲ್ಡ್ ತಲುಪಿ, ಗೇಟಿನ ಸಾಲಿನಲ್ಲಿ ನಿಂತು, ತೂಕ, ಸೀಲ್ ಸಂಖ್ಯೆ ಹಾಗೂ ಪೆಟ್ಟಿಗೆಯ ಹೊರಮೈಯ ತಪಾಸಣೆ ಮುಗಿಸಿ ಒಳಹೋಗುವಾಗ ಬುಧವಾರ ಬೆಳಗಿನ ಜಾವ 3 ಗಂಟೆ. ಇದಕ್ಕೆ 5 ಗಂಟೆ. ಗೇಟಿನ ತಪಾಸಣೆ ಕಾಟಾಚಾರದ್ದಲ್ಲ: ಪೆಟ್ಟಿಗೆಯ ಮೇಲಿನ ತಗ್ಗು, ತೂತು ಅಥವಾ ಮುರಿದ ಬಾಗಿಲು ಯಾರ ಕೈಯಲ್ಲಿದ್ದಾಗ ಆದದ್ದು ಎಂಬುದು ಇಲ್ಲಿ ಸಹಿಯಾಗುವ ಚೀಟಿಯಿಂದಲೇ ನಿರ್ಧಾರವಾಗುತ್ತದೆ. ಒಳಗೆ ರೀಚ್ ಸ್ಟ್ಯಾಕರ್ ಎಂಬ ಚಕ್ರದ ಎತ್ತುಯಂತ್ರವು ಪೆಟ್ಟಿಗೆಯನ್ನು ಮೇಲಿನ ನಾಲ್ಕು ಮೂಲೆಗಳಲ್ಲಿ ಹಿಡಿದು ಟ್ರೇಲರ್‌ನಿಂದ ಎತ್ತಿ ರಾಶಿಯಲ್ಲಿ ಇಡುತ್ತದೆ.

ರೈಲು ಹೊರಡುವುದು ಶುಕ್ರವಾರ ಸಂಜೆ 6ಕ್ಕೆ. ಆ ನಡುವೆ ಪೆಟ್ಟಿಗೆ 63 ಗಂಟೆ ಸುಮ್ಮನೆ ಕೂತಿರುತ್ತದೆ.

ಬೆಂಗಳೂರಿನಿಂದ ದೆಹಲಿಗೆ ರೈಲುಮಾರ್ಗ ಸುಮಾರು 2,400 ಕಿ.ಮೀ. ಭಾರತದ ಸರಕು ರೈಲುಗಳ ಸರಾಸರಿ ವೇಗ ಗಂಟೆಗೆ ಸುಮಾರು 25 ಕಿ.ಮೀ. ಕಂಟೇನರ್ ವ್ಯಾಗನ್‌ಗಳನ್ನು ಗಂಟೆಗೆ 100 ಕಿ.ಮೀ. ವೇಗಕ್ಕೆ ರೂಪಿಸಲಾಗಿದ್ದರೂ ಪ್ರಯಾಣಿಕ ರೈಲುಗಳಿಗೆ ದಾರಿ ಬಿಡಲು ಸರಕು ರೈಲು ಅಲ್ಲಲ್ಲಿ ನಿಲ್ಲಬೇಕಾಗುವುದು ಈ ಅಂತರಕ್ಕೆ ಮುಖ್ಯ ಕಾರಣ. ಈ ಸರಾಸರಿಯಲ್ಲಿ ಓಟಕ್ಕೆ 96 ಗಂಟೆ ಬೇಕು. ರೈಲು ಮರುವಾರದ ಮಂಗಳವಾರ ಸಂಜೆ 6ಕ್ಕೆ ದೆಹಲಿಯ ದಕ್ಷಿಣದ ಟರ್ಮಿನಲ್ ಸೇರುತ್ತದೆ.

ರಾತ್ರಿ 10:30ರ ಹೊತ್ತಿಗೆ ಎಲ್ಲ ಪೆಟ್ಟಿಗೆಗಳು ನೆಲಕ್ಕಿಳಿಯುತ್ತವೆ. ಬುಧವಾರ ಬೆಳಿಗ್ಗೆ ಗ್ರಾಹಕನಿಗೆ ಸುದ್ದಿ ಹೋಗುತ್ತದೆ; ಅವನು ಲಾರಿ ಗೊತ್ತುಮಾಡುತ್ತಾನೆ; ಲಾರಿ ಮಧ್ಯಾಹ್ನ ಬಂದು ಸಂಜೆ 4ಕ್ಕೆ ಪೆಟ್ಟಿಗೆ ಹೊತ್ತು ಸಿದ್ಧವಾಗುತ್ತದೆ. ಅಷ್ಟರಲ್ಲಿ ದೆಹಲಿಯಲ್ಲಿ ಭಾರಿ ವಾಹನಗಳ ಸಂಜೆಯ ಪ್ರವೇಶ ನಿಷೇಧದ ಹೊತ್ತು ಸಮೀಪಿಸಿರುತ್ತದೆ. ಚಾಲಕ ನಿಷೇಧದ ನಡುವೆ ಸಿಕ್ಕಿಬೀಳುವುದರ ಬದಲು ರಾತ್ರಿ 11ಕ್ಕೆ ಹೊರಟು 1ಕ್ಕೆ ಫರೀದಾಬಾದ್ ತಲುಪುತ್ತಾನೆ. ಕಾರ್ಖಾನೆ ತೆರೆಯುವುದು ಗುರುವಾರ ಬೆಳಿಗ್ಗೆ 9ಕ್ಕೆ. ರೈಲು ತಲುಪಿದ ಮೇಲಿನ ಈ ಹಂತಕ್ಕೆ 39 ಗಂಟೆ.

ಒಟ್ಟು 213 ಗಂಟೆ, ಅಂದರೆ 9 ದಿನಗಳಿಗೆ ಕೆಲವೇ ಗಂಟೆ ಕಡಿಮೆ. ರೈಲು ಹಳಿಯ ಮೇಲಿದ್ದದ್ದು 96 ಗಂಟೆ ಮಾತ್ರ. ಉಳಿದ 117 ಗಂಟೆಗಳಲ್ಲಿ ಪೆಟ್ಟಿಗೆ ನಿಜವಾಗಿ ರಸ್ತೆಯ ಮೇಲೆ ಚಲಿಸಿದ್ದು ನಾಲ್ಕೈದು ಗಂಟೆಯನ್ನು ಮೀರುವುದಿಲ್ಲ. ಈ ಇಡೀ ಪಯಣದಲ್ಲಿ ಯಾರೂ ತಪ್ಪು ಮಾಡಿಲ್ಲ, ಯಾವ ಯಂತ್ರವೂ ಕೆಟ್ಟಿಲ್ಲ, ಯಾವ ಕಾಗದವೂ ಕಳೆದಿಲ್ಲ ಎಂಬುದನ್ನು ಗಮನಿಸಬೇಕು.

ಇದೇ ಸರಕನ್ನು ನೇರವಾಗಿ ಲಾರಿಗೆ ಹಾಕಿದ್ದರೆ? ರಸ್ತೆಯ ದೂರ ಸುಮಾರು 2,150 ಕಿ.ಮೀ. ದಿನಕ್ಕೆ 450 ಕಿ.ಮೀ. ಓಡುವ ಲಾರಿ ಮಂಗಳವಾರ ರಾತ್ರಿ 10ಕ್ಕೆ ಹೊರಟು ಭಾನುವಾರ ಸಂಜೆ ತಲುಪುತ್ತದೆ. ಆಗ್ರಾ, ಮಥುರಾ ಕಡೆಯಿಂದ ಬರುವ ಅದಕ್ಕೆ ಫರೀದಾಬಾದ್ ಸೇರಲು ದೆಹಲಿಯನ್ನು ಹೊಗಬೇಕಾಗಿಯೂ ಇಲ್ಲ. ಕಾರ್ಖಾನೆ ಸೋಮವಾರ ಬೆಳಿಗ್ಗೆ 9ಕ್ಕೆ ಸರಕು ಪಡೆಯುತ್ತದೆ. ಒಟ್ಟು 141 ಗಂಟೆ. ರೈಲಿಗಿಂತ ಮೂರು ದಿನ ಮುಂಚೆ.

## ಗುಂಪಾಗಿ ಹೊರಡುವ ರೈಲು, ಒಂಟಿಯಾಗಿ ಬರುವ ಲಾರಿ

ಮೇಲಿನ ಲೆಕ್ಕದಲ್ಲಿ ಎಲ್ಲಕ್ಕಿಂತ ದೊಡ್ಡ ಕಾಯುವಿಕೆ ವೈಟ್‌ಫೀಲ್ಡ್‌ನ 63 ಗಂಟೆ. ಇದರ ಮೂಲ ಟರ್ಮಿನಲ್‌ನ ಅದಕ್ಷತೆಯಲ್ಲ. ಎರಡು ವಾಹನಗಳ ಗಾತ್ರದ ವ್ಯತ್ಯಾಸದಲ್ಲಿದೆ. ಸಾಮಾನ್ಯವಾದ ಒಂದು ಕಂಟೇನರ್ ರೇಕ್‌ನಲ್ಲಿ 45 ವ್ಯಾಗನ್‌ಗಳಿರುತ್ತವೆ. ಒಂದೊಂದರ ಮೇಲೆ 20 ಅಡಿಯ ಎರಡು ಪೆಟ್ಟಿಗೆ ಅಥವಾ 40 ಅಡಿಯ ಒಂದು ಪೆಟ್ಟಿಗೆ ಕೂರುತ್ತದೆ. ಹೀಗೆ ಒಂದು ರೈಲಿನ ಪೂರ್ಣ ಹೊರೆ 20 ಅಡಿಯ 90 ಪೆಟ್ಟಿಗೆಗಳು. ಅವು ಟರ್ಮಿನಲ್‌ಗೆ ಬರುವುದು ಮಾತ್ರ ಒಂದೊಂದೇ ಲಾರಿಯಲ್ಲಿ, ಬೇರೆ ಬೇರೆ ಹೊತ್ತಿನಲ್ಲಿ.

ದೆಹಲಿ ಕಡೆಗೆ ದಿನಕ್ಕೆ 30 ಪೆಟ್ಟಿಗೆಗಳು ಬರುತ್ತವೆ ಎಂದುಕೊಂಡರೆ ರೈಲು ತುಂಬಲು ಮೂರು ದಿನ ಬೇಕು. ಮೊದಲು ಬಂದ ಪೆಟ್ಟಿಗೆ ಮೂರು ದಿನ ಕಾಯುತ್ತದೆ, ಕೊನೆಯದು ಕಾಯುವುದೇ ಇಲ್ಲ, ಸರಾಸರಿ ಒಂದೂವರೆ ದಿನ. ದಿನಕ್ಕೆ 90 ಬಂದರೆ ಈ ಸರಾಸರಿ ಅರ್ಧ ದಿನಕ್ಕೆ ಇಳಿಯುತ್ತದೆ. ಹೆಚ್ಚು ಸರಕು ಇರುವ ಮಾರ್ಗದಲ್ಲಿ ರೈಲಿನ ಸೇವೆ ತಾನಾಗಿಯೇ ಉತ್ತಮವಾಗುತ್ತದೆ. ಕಡಿಮೆ ಸರಕಿನ ಮಾರ್ಗದಲ್ಲಿ ಸೇವೆ ನಿಧಾನವಾಗಿ, ಆ ಕಾರಣಕ್ಕೆ ಇದ್ದ ಸರಕೂ ಲಾರಿಗೆ ಹೋಗಿ, ರೈಲು ತುಂಬಲು ಇನ್ನೂ ಹೆಚ್ಚು ದಿನ ಬೇಕಾಗುತ್ತದೆ. ಬಂದರುಗಳಿಗೆ ಹೋಗುವ ಕಂಟೇನರ್ ರೈಲು ಗಟ್ಟಿಯಾಗಿ ನೆಲೆಯೂರಿ, ದೇಶದೊಳಗಿನ ಕಂಟೇನರ್ ಸೇವೆ ಹಿಂದುಳಿದದ್ದನ್ನು ಅರ್ಥಮಾಡಿಕೊಳ್ಳಲು ಈ ಸುತ್ತು ನೆರವಾಗುತ್ತದೆ.

ರೈಲನ್ನು ತುಂಬದೆ ಹೊರಡಿಸಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಆದರೆ ನಿರ್ವಾಹಕ ಸಂಸ್ಥೆಯು ಖಾಲಿ ವ್ಯಾಗನ್‌ಗೂ ರೈಲ್ವೆಗೆ ಸಾಗಣೆ ಶುಲ್ಕ ಕೊಡಬೇಕು. ಅರ್ಧ ತುಂಬಿದ ರೈಲಿನ ನಷ್ಟ ಆ ಸಂಸ್ಥೆಯ ಲೆಕ್ಕಪುಸ್ತಕದಲ್ಲಿ ಅಂದೇ ಕಾಣುತ್ತದೆ. ಕಾಯುವಿಕೆಯ ನಷ್ಟ ಕಾಣುವುದು ಬೇರೆಡೆ: ದಾರಿಯಲ್ಲಿ ಸಿಕ್ಕಿಕೊಂಡ ಸರಕಿಗೆ ಬಡ್ಡಿ ಕಟ್ಟುವ ಕಾರ್ಖಾನೆಯವನಲ್ಲಿ, ಹೆಚ್ಚುವರಿ ದಾಸ್ತಾನು ಇಡಬೇಕಾದ ಗ್ರಾಹಕನಲ್ಲಿ. ತುಂಬುವವರೆಗೆ ಕಾಯುವ ನಿರ್ಧಾರವನ್ನು ತೆಗೆದುಕೊಳ್ಳುವವನು ಒಬ್ಬ, ಅದರ ಬೆಲೆ ತೆರುವವನು ಇನ್ನೊಬ್ಬ. ಹಸ್ತಾಂತರದ ವಿಳಂಬ ಇಷ್ಟು ಹಟಮಾರಿಯಾಗಿರುವುದು ಈ ಕಾರಣಕ್ಕೆ. ತಂತ್ರಜ್ಞಾನದ ಕೊರತೆ ಎರಡನೆಯ ಮಾತು.

## ವೇಗವೋ, ವೇಳಾಪಟ್ಟಿಯೋ

ಸಾರ್ವಜನಿಕ ಚರ್ಚೆಯಲ್ಲಿ ಸರಕು ಸಾಗಣೆಯ ಸುಧಾರಣೆ ಎಂದರೆ ವೇಗದ ಹೆಚ್ಚಳ ಎಂಬ ಭಾವನೆ ಬಲವಾಗಿದೆ. ಸರಕಿಗಾಗಿಯೇ ಮೀಸಲಾದ ಪೂರ್ವ ಮತ್ತು ಪಶ್ಚಿಮ ಕಾರಿಡಾರ್‌ಗಳು ರೈಲುಗಳ ವೇಗವನ್ನು ಗಣನೀಯವಾಗಿ ಏರಿಸಿವೆ. ಪಶ್ಚಿಮ ಕಾರಿಡಾರ್‌ನಲ್ಲಿ ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಇಟ್ಟು ಓಡಿಸಲೂ ಸಾಧ್ಯವಾಗಿದೆ; 2021ರ ಜನವರಿಯಲ್ಲಿ ಅದರ ರೇವಾರಿ–ಮದಾರ್ ಭಾಗದಲ್ಲಿ ಸುಮಾರು ಒಂದೂವರೆ ಕಿ.ಮೀ. ಉದ್ದದ ಅಂಥ ರೈಲಿಗೆ ಚಾಲನೆ ನೀಡಲಾಯಿತು. ಬೆಂಗಳೂರು–ದೆಹಲಿ ಮಾರ್ಗ ಈ ಕಾರಿಡಾರ್‌ಗಳ ಮೇಲಿಲ್ಲ. ಇದ್ದಿದ್ದರೆ ಏನಾಗುತ್ತಿತ್ತು ಎಂದು ಮೇಲಿನ ಮಾದರಿಯಲ್ಲೇ ನೋಡಬಹುದು.

ರೈಲಿನ ಸರಾಸರಿ ವೇಗ 25ರಿಂದ 50 ಕಿ.ಮೀ.ಗೆ ಏರಿತೆನ್ನೋಣ. ಓಟ 48 ಗಂಟೆಗೆ ಇಳಿಯುತ್ತದೆ. ಶುಕ್ರವಾರ ಹೊರಟ ರೈಲು ಭಾನುವಾರ ಸಂಜೆ 6ಕ್ಕೆ ತಲುಪುತ್ತದೆ. ಉಳಿದದ್ದೆಲ್ಲ ಹಾಗೆಯೇ ಇದ್ದರೆ ಗ್ರಾಹಕನಿಗೆ ಸರಕು ಸಿಗುವುದು ಮಂಗಳವಾರ ಬೆಳಿಗ್ಗೆ 9ಕ್ಕೆ, ಒಟ್ಟು 165 ಗಂಟೆಗೆ. ವೇಗ ಇಮ್ಮಡಿಯಾದ ಮೇಲೂ ಲಾರಿಗಿಂತ ಒಂದು ದಿನ ಹಿಂದೆ.

ಇನ್ನೊಂದು ದಾರಿ: ವೇಗ ಹಳೆಯದೇ ಇರಲಿ, ಆದರೆ ರೈಲು ತುಂಬಿದಾಗ ಹೊರಡುವ ಬದಲು ಗೊತ್ತಾದ ದಿನ, ಅಂದರೆ ಬುಧವಾರ ಸಂಜೆ 6ಕ್ಕೆ ಹೊರಡಲಿ. ವೈಟ್‌ಫೀಲ್ಡ್‌ನ ಕಾಯುವಿಕೆ 63ರಿಂದ 15 ಗಂಟೆಗೆ ಇಳಿಯುತ್ತದೆ. ಆಗಲೂ ರೈಲು ತಲುಪುವುದು ಅದೇ ಭಾನುವಾರ ಸಂಜೆ 6ಕ್ಕೆ, ಒಟ್ಟು ಅದೇ 165 ಗಂಟೆ. 2,400 ಕಿ.ಮೀ. ಹಳಿಯ ಮೇಲೆ ವೇಗವನ್ನು ಇಮ್ಮಡಿಗೊಳಿಸಿ ಗಳಿಸುವ ಸಮಯವನ್ನು ಹೊರಡುವ ದಿನವನ್ನು ಗೊತ್ತುಪಡಿಸುವುದರಿಂದಲೇ ಗಳಿಸಬಹುದು.

ಗೊತ್ತಾದ ವೇಳೆಯಿಂದ ಎರಡನೆಯ ಲಾಭವೊಂದಿದೆ, ಅದು ಇನ್ನೂ ಹೆಚ್ಚಿನದು. ರೈಲು ಭಾನುವಾರ ಬರುವುದು ಖಚಿತವಾದರೆ ಗ್ರಾಹಕನು ಲಾರಿಯನ್ನು ಮುಂಚೆಯೇ ಗೊತ್ತುಮಾಡಬಹುದು. ರಾತ್ರಿ 10:30ಕ್ಕೆ ಇಳಿದ ಪೆಟ್ಟಿಗೆ, ನಿಷೇಧದ ಅವಧಿ ಮುಗಿಯುತ್ತಿದ್ದಂತೆ ಹೊರಟು ಸೋಮವಾರ ಬೆಳಿಗ್ಗೆ 9ಕ್ಕೆ ಕಾರ್ಖಾನೆಯೊಳಗಿರುತ್ತದೆ. ಆಗ ಒಟ್ಟು 141 ಗಂಟೆ. ಲಾರಿಯ ಸಮಯಕ್ಕೆ ಸರಿಸಮ, ಗಂಟೆಗೆ 25 ಕಿ.ಮೀ. ಓಡುವ ರೈಲಿನಿಂದಲೇ. ಬೆಲೆ ಇಲ್ಲದೆ ಇದು ಸಿಗುವುದಿಲ್ಲ: ಕೆಲವು ವಾರ ರೈಲು ಖಾಲಿ ವ್ಯಾಗನ್‌ಗಳೊಂದಿಗೆ ಓಡಬೇಕು, ಆ ಶುಲ್ಕವನ್ನು ಯಾರಾದರೂ ಹೊರಬೇಕು, ಮತ್ತು ಹೊರಟ ರೈಲಿಗೆ ದಾರಿಯುದ್ದಕ್ಕೂ ರೈಲ್ವೆಯ ನಿಯಂತ್ರಣ ಕಚೇರಿಗಳು ವೇಳೆಗೆ ಸರಿಯಾಗಿ ಹಾದಿ ಬಿಡಬೇಕು. ಕೊನೆಯದೇ ಎಲ್ಲಕ್ಕಿಂತ ಕಷ್ಟವಾದದ್ದು.

## ಇಳಿಯುವ ತುದಿಯ ಒತ್ತಡ

ಹೊರಡುವ ತುದಿಯಲ್ಲಿ ಪೆಟ್ಟಿಗೆಗಳು ಹನಿಹನಿಯಾಗಿ ಸೇರುತ್ತವೆ. ತಲುಪುವ ತುದಿಯಲ್ಲಿ ತೊಂಬತ್ತೂ ಒಟ್ಟಿಗೆ ಬಂದಿಳಿಯುತ್ತವೆ. ಎರಡು ರೀಚ್ ಸ್ಟ್ಯಾಕರ್‌ಗಳಿದ್ದು, ಒಂದೊಂದು ಎತ್ತುವಿಕೆಗೆ ಐದಾರು ನಿಮಿಷ ಹಿಡಿದರೆ 90 ಪೆಟ್ಟಿಗೆ ಇಳಿಸಲು ನಾಲ್ಕು ಗಂಟೆಗೆ ಮೇಲಾಗುತ್ತದೆ. ಈ ಅವಧಿಯಲ್ಲಿ ಅದೇ ಯಂತ್ರಗಳು ಹೊರಗೆ ಕಾದಿರುವ ಲಾರಿಗಳಿಗೆ ಪೆಟ್ಟಿಗೆ ತುಂಬಿಕೊಡಲಾರವು. ರೇಕ್ ಇಳಿಸಲು ರೈಲ್ವೆ ಕೊಡುವ ಉಚಿತ ಅವಧಿ ಮುಗಿದರೆ ದಂಡ ಬೀಳುತ್ತದೆ. ಲಾರಿ ಕಾದರೆ ಟರ್ಮಿನಲ್‌ಗೆ ದಂಡವಿಲ್ಲ. ಆದ್ದರಿಂದ ರೈಲಿಗೆ ಮೊದಲ ಆದ್ಯತೆ. ರಾಶಿಯ ತಳದಲ್ಲಿರುವ ಪೆಟ್ಟಿಗೆ ಬೇಕಾದರೆ ಮೇಲಿನವನ್ನು ಸರಿಸಬೇಕು. ಅದು ಯಾರಿಗೂ ಹಣ ತರದ ಎತ್ತುವಿಕೆ.

ತೂಕದ ಹೊಂದಾಣಿಕೆಯಿಲ್ಲದಿರುವುದು ಮತ್ತೊಂದು ತೊಡಕು. ಒಂದು ವ್ಯಾಗನ್ ಸುಮಾರು 60 ಟನ್ ಹೊರುತ್ತದೆ. 25 ಟನ್‌ನ ಎರಡು ಪೆಟ್ಟಿಗೆಗಳು ಅದಕ್ಕೆ ಭಾರವಲ್ಲ. ರಸ್ತೆಯಲ್ಲಿ ಟ್ರೇಲರ್ ಲಾರಿಯ ಒಟ್ಟು ತೂಕಕ್ಕೆ 2018ರ ಪರಿಷ್ಕರಣೆಯ ನಂತರವೂ ಗರಿಷ್ಠ ಮಿತಿ 55 ಟನ್, ಅದರಲ್ಲಿ ವಾಹನದ ತೂಕವೂ ಸೇರಿದೆ. ಹೀಗಾಗಿ ಒಂದೇ ವ್ಯಾಗನ್ ಮೇಲೆ ಜೊತೆಯಾಗಿ ಬಂದ ಎರಡು ಭಾರಿ ಪೆಟ್ಟಿಗೆಗಳು ಟರ್ಮಿನಲ್‌ನಿಂದ ಎರಡು ಲಾರಿಗಳಲ್ಲಿ ಹೋಗಬೇಕು. ರೈಲು ತುಂಬಾ ಭಾರಿ ಪೆಟ್ಟಿಗೆಗಳಿದ್ದರೆ ಒಂದೇ ರಾತ್ರಿ 90 ಲಾರಿಗಳು ಬೇಕಾಗುತ್ತವೆ.

ದೆಹಲಿಯಲ್ಲಿ ಈ ಲಾರಿಗಳು ನ್ಯಾಯಾಲಯದ ವಿಷಯವೂ ಆಗಿವೆ. ತುಘಲಕಾಬಾದ್‌ನ ಒಳನಾಡು ಡಿಪೋಗೆ ಬರುವ ಡೀಸೆಲ್ ಲಾರಿಗಳಿಂದ ವಾಯುಮಾಲಿನ್ಯವಾಗುತ್ತಿದೆ ಎಂಬ ದೂರಿನ ಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು, ದೆಹಲಿಗೆ ಸಂಬಂಧವಿಲ್ಲದ ಸರಕನ್ನು ರಾಜಧಾನಿಯ ಸುತ್ತಲಿನ ದಾದ್ರಿ, ರೇವಾರಿ, ಬಲ್ಲಭಗಢದಂತಹ ಡಿಪೋಗಳಿಗೆ ತಿರುಗಿಸಬಹುದೆಂದು ಸೂಚಿಸಿತ್ತು. 2024ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪಲಿಲ್ಲ. ಶುದ್ಧ ಗಾಳಿಯ ಹಕ್ಕು ದೆಹಲಿಯವರಿಗೆ ಮಾತ್ರ ಸೇರಿದ್ದಲ್ಲ ಎಂದು ಹೇಳಿ, ಹಳೆಯ ಭಾರಿ ಡೀಸೆಲ್ ವಾಹನಗಳನ್ನು ಹಂತಹಂತವಾಗಿ ತೆಗೆಯುವ ನೀತಿ ರೂಪಿಸುವಂತೆ ಸರ್ಕಾರಕ್ಕೆ ಸೂಚಿಸಿತು. ತೀರ್ಪಿನ ವಿಷಯ ಮಾಲಿನ್ಯವಾದರೂ ಅದು ಮುಟ್ಟಿರುವುದು ಹಸ್ತಾಂತರದ ಮೂಲ ಪ್ರಶ್ನೆಯನ್ನೇ: ರೈಲು ಎಷ್ಟು ಸ್ವಚ್ಛವಾಗಿದ್ದರೂ ಅದರ ಎರಡೂ ತುದಿಗಳಲ್ಲಿ ಸಾಲುಗಟ್ಟಿ ನಿಲ್ಲುವುದು ಡೀಸೆಲ್ ಲಾರಿಗಳೇ, ಮತ್ತು ಅವು ನಿಲ್ಲುವ ಜಾಗ ಈಗ ಊರ ನಡುವೆ ಇದೆ.

## ಕಾಗದದ ಗಡಿಯಾರ

ಸರಕು ಸಾಗಣೆಗೆ ಬೇಕಾದ ಇ-ವೇ ಬಿಲ್‌ಗೂ ಒಂದು ಅವಧಿಯಿದೆ. 50,000 ರೂಪಾಯಿಗೆ ಮೀರಿದ ಸರಕಿಗೆ ಸಾಮಾನ್ಯವಾಗಿ ಈ ಬಿಲ್ ಕಡ್ಡಾಯ. 2021ರ ಜನವರಿಯಿಂದ ಅದರ ಮಾನ್ಯತೆ ಪ್ರತಿ 200 ಕಿ.ಮೀ.ಗೆ ಒಂದು ದಿನ. 2,150 ಕಿ.ಮೀ.ಗೆ 11 ದಿನ ಸಿಗುವುದರಿಂದ ದೆಹಲಿಗೆ ಹೋಗುವ ಪೆಟ್ಟಿಗೆಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಸಮಸ್ಯೆ ಬರುವುದು ಕಡಿಮೆ ದೂರಕ್ಕೆ: 600 ಕಿ.ಮೀ. ದೂರಕ್ಕೆ ಮೂರೇ ದಿನ. ಆ ಮೂರು ದಿನ ಟರ್ಮಿನಲ್‌ನಲ್ಲೇ ಕಳೆದರೆ ಬಿಲ್ ದಾರಿಯಲ್ಲೇ ಸಾಯುತ್ತದೆ. ಅವಧಿ ಮುಗಿಯುವ 8 ಗಂಟೆ ಮುಂಚಿನಿಂದ ಮುಗಿದ 8 ಗಂಟೆಯೊಳಗೆ ಮಾತ್ರ ವಿಸ್ತರಣೆಗೆ ಅವಕಾಶವಿದೆ. ಆಗ ಪೆಟ್ಟಿಗೆ ಯಾವುದೋ ನಿಲ್ದಾಣದ ಪಕ್ಕದ ಹಳಿಯಲ್ಲಿ ನಿಂತಿರಬಹುದು.

ನಿಯಮದಲ್ಲಿ ಸಂಯೋಜಿತ ಸಾಗಣೆಗೆ ಅನುಕೂಲವಾದ ಒಂದು ಅಂಶವಿದೆ, ಅದು ಎಲ್ಲರ ಗಮನಕ್ಕೆ ಬಂದಂತಿಲ್ಲ. ಕಳುಹಿಸುವವನ ಸ್ಥಳದಿಂದ ಅದೇ ರಾಜ್ಯದೊಳಗಿನ ಸಾಗಣೆದಾರನ ಸ್ಥಳಕ್ಕೆ, ಮುಂದಿನ ಸಾಗಣೆಗಾಗಿ, 50 ಕಿ.ಮೀ.ವರೆಗೆ ಒಯ್ಯುವಾಗ ವಾಹನದ ವಿವರ ತುಂಬಬೇಕಿಲ್ಲ. ಅವಧಿಯ ಎಣಿಕೆ ಆರಂಭವಾಗುವುದು ವಾಹನದ ವಿವರ ಮೊದಲ ಬಾರಿ ತುಂಬಿದಾಗ. ಪೀಣ್ಯದಿಂದ ವೈಟ್‌ಫೀಲ್ಡ್‌ಗೆ ಇರುವ ದೂರ ಈ ಮಿತಿಯೊಳಗಿದೆ. ಲಾರಿಯ ಸಂಖ್ಯೆಯನ್ನು ಅಭ್ಯಾಸಬಲದಿಂದ ಮೊದಲೇ ತುಂಬಿದವನ ಗಡಿಯಾರ ಯಾರ್ಡ್‌ನಲ್ಲೇ ಓಡತೊಡಗುತ್ತದೆ. ರೈಲ್ವೆ ರಸೀದಿ ಬಂದ ಮೇಲೆ ಅದರ ಸಂಖ್ಯೆಯನ್ನು ತುಂಬಿದವನದು ರೈಲಿನೊಂದಿಗೆ ಓಡುತ್ತದೆ. ತಲುಪುವ ತುದಿಯಲ್ಲಿ ಬಿಲ್ ತೋರಿಸದೆ ರೈಲ್ವೆ ಸರಕನ್ನು ಬಿಟ್ಟುಕೊಡುವಂತಿಲ್ಲ.

## ವಿಳಂಬವನ್ನು ಅಳೆಯುವುದು

ಈ ವಿಳಂಬ ಬಹುಕಾಲ ಚರ್ಚೆಗೆ ಬಾರದಿರಲು ಒಂದು ಕಾರಣ, ಅದನ್ನು ಯಾರೂ ಪೂರ್ತಿಯಾಗಿ ಅಳೆಯದಿದ್ದುದು. ರೈಲ್ವೆಯ ಸರಕು ಮಾಹಿತಿ ವ್ಯವಸ್ಥೆ ರೇಕ್ ಎಲ್ಲಿದೆ ಎಂಬುದನ್ನು ತಿಳಿಸುತ್ತದೆ; ರೈಲು ಹೊರಡುವ ಮುಂಚೆ ಪೆಟ್ಟಿಗೆ ಎಷ್ಟು ಕಾಯಿತು ಎಂಬುದು ಅದರ ಕಣ್ಣಿಗೆ ಬೀಳುವುದಿಲ್ಲ. ಲಾರಿ ಮಾಲೀಕನಿಗೆ ತನ್ನ ವಾಹನದ ಓಟವಷ್ಟೇ ಗೊತ್ತು. ಆದ್ದರಿಂದ ಸಾಗಣೆಯ ಅವಧಿಯನ್ನು ರೈಲು ಹೊರಟ ಕ್ಷಣದಿಂದ ತಲುಪಿದ ಕ್ಷಣದವರೆಗೆ ಎಣಿಸುವ ವರದಿಗಳಲ್ಲಿ ಮೇಲಿನ ಪೆಟ್ಟಿಗೆ 4 ದಿನದ್ದಾಗಿ ಕಾಣುತ್ತದೆ, ಕಾರ್ಖಾನೆಯವನ ಪುಸ್ತಕದಲ್ಲಿ 9 ದಿನದ್ದಾಗಿ. ಎರಡೂ ಸುಳ್ಳಲ್ಲ. ಸರಕು ಕಳುಹಿಸುವವರಿಗೆ ಇದನ್ನು ಪತ್ತೆಹಚ್ಚಲು ಐದು ಹೊತ್ತುಗಳು ಸಾಕು: ಸೀಲ್ ಹಾಕಿದ್ದು, ಟರ್ಮಿನಲ್ ಗೇಟ್ ಹೊಕ್ಕಿದ್ದು, ರೈಲು ಹೊರಟಿದ್ದು, ರೈಲು ತಲುಪಿದ್ದು, ಗ್ರಾಹಕನಲ್ಲಿ ಸೀಲ್ ಒಡೆದದ್ದು. ಎರಡನೆಯ ಮತ್ತು ಮೂರನೆಯ ಹೊತ್ತುಗಳ ಅಂತರ ವಾರದಿಂದ ವಾರಕ್ಕೆ ಏರಿಳಿಯುತ್ತಿದ್ದರೆ ರೈಲು ತುಂಬುವವರೆಗೆ ಕಾಯುತ್ತಿದೆ ಎಂದರ್ಥ. ನಾಲ್ಕನೆಯ ಮತ್ತು ಐದನೆಯದರ ಅಂತರ ಯಾವಾಗಲೂ ಒಂದೇ ಬಗೆಯಲ್ಲಿ ಹೆಚ್ಚಿದ್ದರೆ ಅದು ಪ್ರವೇಶ ನಿಷೇಧ ಅಥವಾ ಲಾರಿ ಗೊತ್ತುಪಡಿಸುವ ಪದ್ಧತಿಯ ದೋಷ.

ರಫ್ತು–ಆಮದಿನ ಪೆಟ್ಟಿಗೆಗಳಿಗೆ ರೇಡಿಯೋ ಪಟ್ಟಿ ಅಂಟಿಸಿ ಜಾಡು ಹಿಡಿಯುವ ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್ 2016ರಲ್ಲಿ ಮುಂಬಯಿ ಬಳಿಯ ಜವಾಹರಲಾಲ್ ನೆಹರೂ ಬಂದರಿನಲ್ಲಿ ಆರಂಭವಾಯಿತು. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯೊಂದಿಗೆ ಬಂದ ಯುಲಿಪ್ ಎಂಬ ವೇದಿಕೆ ರೈಲ್ವೆ, ಬಂದರು, ರಸ್ತೆ ಸಾರಿಗೆ ಇಲಾಖೆಗಳ ಮಾಹಿತಿಯನ್ನು ಒಂದೆಡೆ ಒದಗಿಸುತ್ತದೆ.

## ಪೆಟ್ಟಿಗೆಯನ್ನು ಎತ್ತದೆ ಸಾಗಿಸುವ ಬಗೆ

ಹಸ್ತಾಂತರವನ್ನೇ ಬಹುಮಟ್ಟಿಗೆ ತಪ್ಪಿಸುವ ಪ್ರಯೋಗ ಕರ್ನಾಟಕಕ್ಕೆ ಪರಿಚಿತವಾದದ್ದು. ಕೊಂಕಣ ರೈಲ್ವೆ 1999ರಲ್ಲಿ ಆರಂಭಿಸಿದ ರೋ-ರೋ ಸೇವೆಯಲ್ಲಿ ತುಂಬಿದ ಲಾರಿಯೇ ಇಳಿಜಾರು ವೇದಿಕೆಯಿಂದ ವ್ಯಾಗನ್ ಏರುತ್ತದೆ. ಚಾಲಕನೂ ಜೊತೆಯಲ್ಲೇ ಪಯಣಿಸಿ, ತಲುಪಿದೊಡನೆ ಇಳಿದು ಹೊರಡುತ್ತಾನೆ. ಮಹಾರಾಷ್ಟ್ರದ ಕೊಲಾಡ್‌ನಿಂದ ಗೋವೆಯ ವೆರ್ಣಾಕ್ಕೆ ಮೊದಲಾದ ಈ ಸೇವೆ ಮಂಗಳೂರು ಬಳಿಯ ಸುರತ್ಕಲ್‌ವರೆಗೆ ವಿಸ್ತರಿಸಿತು. 2020ರ ಆಗಸ್ಟ್‌ನಲ್ಲಿ ನೈಋತ್ಯ ರೈಲ್ವೆಯು ನೆಲಮಂಗಲದಿಂದ ಸೊಲ್ಲಾಪುರ ಬಳಿಯ ಬಾಳೆಗೆ 682 ಕಿ.ಮೀ. ದೂರದ, 42 ಲಾರಿಗಳನ್ನು ಹೊರುವ ಇಂಥದೇ ಸೇವೆ ಆರಂಭಿಸಿತು. ಇದರಲ್ಲಿ ಕ್ರೇನ್ ಇಲ್ಲ, ರಾಶಿ ಇಲ್ಲ, ತುದಿಯಲ್ಲಿ ಲಾರಿ ಹುಡುಕುವ ಕೆಲಸವೂ ಇಲ್ಲ. ಆದರೆ ರೈಲು ಸರಕಿನೊಂದಿಗೆ ಲಾರಿಯ ಎಂಜಿನ್, ಚಕ್ರ, ಚೌಕಟ್ಟುಗಳ ತೂಕವನ್ನೂ ಎಳೆಯಬೇಕು. ವ್ಯಾಗನ್ ಮೇಲೆ ನಿಂತ ಲಾರಿಯ ಎತ್ತರ ಸುರಂಗ, ಸೇತುವೆ ಮತ್ತು ವಿದ್ಯುತ್ ತಂತಿಗಳ ಮಿತಿಯೊಳಗಿರಬೇಕು. ಲಾರಿಯ ಮಾಲೀಕನಿಗೆ ದಿನಗಟ್ಟಲೆ ಓಡದ ವಾಹನದ ಸಾಲದ ಕಂತು ಕಟ್ಟುವ ಹೊರೆ ಇದ್ದೇ ಇರುತ್ತದೆ. ಘಟ್ಟದ ಕಡಿದಾದ ರಸ್ತೆಗೆ ಬದಲಾಗಿ ಕೊಂಕಣ ಮಾರ್ಗದಲ್ಲಿ ಇದು ಹೊಂದುತ್ತದೆ, 2,400 ಕಿ.ಮೀ.ಗೆ ಹೊಂದುವುದು ಕಷ್ಟ.

## ಟರ್ಮಿನಲ್‌ನ ಸ್ಥಳಾಂತರದ ಪ್ರಶ್ನೆ

2021ರ ಡಿಸೆಂಬರ್‌ನಲ್ಲಿ ಪ್ರಕಟವಾದ ಗತಿಶಕ್ತಿ ಸರಕು ಟರ್ಮಿನಲ್ ನೀತಿ ಖಾಸಗಿಯವರು ರೈಲ್ವೆಯ ಅಥವಾ ತಮ್ಮದೇ ಜಮೀನಿನಲ್ಲಿ ಟರ್ಮಿನಲ್ ಕಟ್ಟುವುದನ್ನು ಸುಲಭಗೊಳಿಸಿತು. ಬೆಂಗಳೂರಿನ ಮಟ್ಟಿಗೆ ಮುಖ್ಯವಾದ ಯೋಜನೆ, ದಾಬಸ್‌ಪೇಟೆ–ದೊಡ್ಡಬಳ್ಳಾಪುರ ಭಾಗದ ಮುದ್ದೇಲಿಂಗನಹಳ್ಳಿಯಲ್ಲಿ ಸುಮಾರು 400 ಎಕರೆಯಲ್ಲಿ ಕೈಗೊಂಡಿರುವ ಬಹುಮಾದರಿ ಲಾಜಿಸ್ಟಿಕ್ಸ್ ಪಾರ್ಕ್. ಅದು ಬೆಂಗಳೂರು–ತುಮಕೂರು ರೈಲುಮಾರ್ಗಕ್ಕೆ ಸಮೀಪದಲ್ಲಿದೆ. ಪೀಣ್ಯ, ನೆಲಮಂಗಲ, ದಾಬಸ್‌ಪೇಟೆ, ತುಮಕೂರಿನ ಕಾರ್ಖಾನೆಗಳ ಲಾರಿಗಳು ನಗರವನ್ನು ಹೊಗದೆಯೇ ಅಲ್ಲಿಗೆ ಹೋಗಬಹುದು; ನಮ್ಮ ಮಾದರಿಯಲ್ಲಿ ಕಾರ್ಖಾನೆಯ ಅಂಗಳದಲ್ಲಿ ಕಳೆದ 10 ಗಂಟೆಯ ಕಾಯುವಿಕೆ ಇದರಿಂದ ಬಹುಪಾಲು ಇಲ್ಲವಾಗುತ್ತದೆ.

ಆದರೆ ಹೊಸಕೋಟೆ, ನರಸಾಪುರ, ಮಾಲೂರಿನ ಕಾರ್ಖಾನೆಗಳಿಗೆ ವೈಟ್‌ಫೀಲ್ಡೇ ಹತ್ತಿರ. ಎರಡು ಟರ್ಮಿನಲ್‌ಗಳು ಒಟ್ಟಿಗೆ ನಡೆದರೆ ದೆಹಲಿಗೆ ಹೋಗುವ ಸರಕು ಎರಡು ಕಡೆ ಹಂಚಿಹೋಗುತ್ತದೆ. ದಿನಕ್ಕೆ 30 ಪೆಟ್ಟಿಗೆಗಳು ಒಂದೊಂದು ಕಡೆ 15ರಂತೆ ಒಡೆದರೆ, ತುಂಬಿದ ಮೇಲೆಯೇ ಹೊರಡುವ ಪದ್ಧತಿಯಲ್ಲಿ ಒಂದೊಂದು ರೈಲಿಗೆ ಬೇಕಾಗುವುದು ಮೂರಲ್ಲ, ಆರು ದಿನ. ಎರಡೂ ಟರ್ಮಿನಲ್‌ಗಳ ಪೆಟ್ಟಿಗೆಗಳನ್ನು ಒಂದೇ ರೈಲಿಗೆ ಜೋಡಿಸಿ ಗೊತ್ತಾದ ದಿನ ಹೊರಡಿಸುವ ಏರ್ಪಾಡು ಇದ್ದರೆ ಮಾತ್ರ ಈ ನಷ್ಟ ತಪ್ಪುತ್ತದೆ. ಅದಕ್ಕೆ ಅರ್ಧ ರೇಕ್ ಒಂದು ಕಡೆಯಿಂದ, ಉಳಿದರ್ಧ ಇನ್ನೊಂದು ಕಡೆಯಿಂದ ಬಂದು ನಡುವಿನ ನಿಲ್ದಾಣವೊಂದರಲ್ಲಿ ಕೂಡಬೇಕು. ಹಾಗೆ ಕೂಡಿಸುವ ಕೆಲಸ ಸ್ವತಃ ಇನ್ನೊಂದು ಹಸ್ತಾಂತರ.